‘ಬಹುಶಃ’ ಅಂದರೆ ಎಷ್ಟು?

ಆರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಆರಿಸಿಕೊಂಡಿದ್ದು ತೆಂಗಿನ ನಾರು ಬೆರೆಸಿದ ಕಾಂಕ್ರೀಟ್. ನಾರಿಲ್ಲದ ಮೂರು ಕ್ಯೂಬ್, ನಾರು ಹಾಕಿದ ಮೂರು ಕ್ಯೂಬ್ ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು, ಲ್ಯಾಬಿನ ಯಂತ್ರದಲ್ಲಿ ಒಡೆದೆವು. ವರದಿಯ ಕೊನೆಗೆ ನಾನು ಹೀಗೆ ಬರೆದೆ: ‘ನಾರು ಸೇರಿಸುವುದರಿಂದ ಬಹುಶಃ ಕಾಂಕ್ರೀಟಿನ ಬಲ ಸ್ವಲ್ಪ ಮಟ್ಟಿಗೆ ಹೆಚ್ಚಾಗುವ ಸಾಧ್ಯತೆ ಇರಬಹುದು ಎಂದು ತೋರುತ್ತದೆ.’

ಬಹಳ ವಿನಯದ ವಾಕ್ಯ ಎಂದು ಒಳಗೊಳಗೇ ಖುಷಿಯಾಗಿತ್ತು. ಗೈಡ್ ಮೇಡಂ ಅದರ ಕೆಳಗೆ ಕೆಂಪು ಗೆರೆ ಎಳೆದು, ‘ಅನುಮಾನದ ಪದ ಐದು ಇವೆ. ಅನುಮಾನ ಯಾವುದರ ಮೇಲೆ?’ ಎಂದು ಬರೆದಿದ್ದರು. ಉತ್ತರ ನನ್ನ ಬಳಿ ಇರಲಿಲ್ಲ.

ಅದೇ ವಾರ ಊರಿಂದ ದೊಡ್ಡಪ್ಪನ ಫೋನ್. ಹಬ್ಬಕ್ಕೆ ಹೋದಾಗ ಅವರಿಗೂ ಇದೇ ಮಾತು ಹೇಳಿದ್ದೆ. ‘ನಾರು ಹಾಕಿದ್ರೆ ಗಟ್ಟಿಯಾಗುತ್ತೆ ಅಂದಿದ್ದೆಯಲ್ಲಪ್ಪಾ. ಮುಂದಿನ ವಾರ ಮನೆಗೆ ಮೋಲ್ಡ್ ಹಾಕಿಸ್ತಿದೀನಿ. ನಾರು ಒಂದು ಮೂಟೆ ತರಿಸ್ಲಾ?’ ನನಗೆ ಎದೆ ಧಸಕ್ಕೆಂದಿತು. ‘ಬಹುಶಃ’, ‘ಇರಬಹುದು’ ಎಲ್ಲ ದಾರಿಯಲ್ಲೇ ಉದುರಿಹೋಗಿ ಅವರ ಕಿವಿಗೆ ‘ಗಟ್ಟಿಯಾಗುತ್ತೆ’ ಮಾತ್ರ ತಲುಪಿತ್ತು. ‘ಎರಡು ದಿನ ತಡೀರಿ ದೊಡ್ಡಪ್ಪ’ ಎಂದು ಫೋನ್ ಇಟ್ಟೆ.

ರಾತ್ರಿ ಲ್ಯಾಬ್ ಪುಸ್ತಕ ತೆರೆದೆ. ನಾರಿಲ್ಲದ ಕ್ಯೂಬ್‌ಗಳ ಬಲ 29.4, 31.2 ಮತ್ತು 33.0 ಮೆಗಾಪ್ಯಾಸ್ಕಲ್, ಸರಾಸರಿ 31.2. ನಾರಿದ್ದವು 31.8, 33.1, 35.0; ಸರಾಸರಿ 33.3. ವ್ಯತ್ಯಾಸ 2.1. ಆದರೆ ನಾರಿಲ್ಲದ ಕ್ಯೂಬ್‌ಗಳೇ ತಮ್ಮತಮ್ಮಲ್ಲಿ 3.6ರಷ್ಟು ವ್ಯತ್ಯಾಸ ತೋರಿಸಿದ್ದವು! ನಾರಿಲ್ಲದ ಅತಿ ಗಟ್ಟಿ ಕ್ಯೂಬ್, ನಾರಿದ್ದ ಅತಿ ಮೆದು ಕ್ಯೂಬಿಗಿಂತ ಗಟ್ಟಿಯಾಗಿತ್ತು. ಎರಡನೇ ವರ್ಷದಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ‘ಟಿ’ ಕೋಷ್ಟಕ ಹಿಡಿದು 95% ವಿಶ್ವಾಸದ ವ್ಯಾಪ್ತಿ ಲೆಕ್ಕ ಹಾಕಿದೆ. ಈ ವಿಧಾನವನ್ನು ನೂರು ಬೇರೆ ಬೇರೆ ಪ್ರಯೋಗಗಳಿಗೆ ಬಳಸಿದರೆ, ಸುಮಾರು 95ರಲ್ಲಿ ನಿಜವಾದ ವ್ಯತ್ಯಾಸ ಲೆಕ್ಕದ ವ್ಯಾಪ್ತಿಯೊಳಗೆ ಸಿಗುತ್ತದೆ ಎಂಬುದು ಅದರ ಅರ್ಥ. ನಮಗೆ ಬಂದದ್ದು –1.8ರಿಂದ +6.0. ಎಂದರೆ ನಾರಿನಿಂದ ಬಲ ತುಸು ಕಡಿಮೆಯಾಗಿದ್ದರೂ ನಮಗೆ ಇಂಥ ಅಂಕಿಗಳೇ ಸಿಗಬಹುದಿತ್ತು.

‘ಬಹುಶಃ’ ಎಂಬಲ್ಲಿ ಬರಬೇಕಾಗಿದ್ದುದು ಈ ವ್ಯಾಪ್ತಿ. ‘ಸ್ವಲ್ಪ ಮಟ್ಟಿಗೆ’ ಎಂಬಲ್ಲಿ ಬರಬೇಕಾಗಿದ್ದುದು 2.1.

ಮರುದಿನ ಲೆಕ್ಕ ತೋರಿಸಿದಾಗ ಮೇಡಂ ಇನ್ನೊಂದು ಪ್ರಶ್ನೆ ಕೇಳಿದರು. ‘ಮೂರೂ ಕ್ಯೂಬ್ ಒಂದೇ ಕಲಸಿನವಾ?’ ಹೌದು. ಪ್ರತಿ ಬಗೆಗೂ ಒಂದೇ ಸಲ ಕಲಸಿದ್ದೆವು. ಎರಡನೇ ಸಲ ಕಲಸುವಾಗ ಅರ್ಧ ಲೋಟ ನೀರು ಕಡಿಮೆ ಬಿದ್ದಿದ್ದರೂ ಬಲ ಹೆಚ್ಚುತ್ತದೆ. ಅದರ ಹೊಗಳಿಕೆಯನ್ನೆಲ್ಲ ನಾವು ನಾರಿಗೆ ಕೊಟ್ಟಿರುತ್ತೇವೆ. ಈ ಅನುಮಾನ ನನ್ನ ವ್ಯಾಪ್ತಿಯೊಳಗೆ ಸೇರಿಯೇ ಇಲ್ಲ. 28 ದಿನದ ಆಚೆ ಸಿಮೆಂಟಿನ ಕ್ಷಾರದೊಳಗೆ ನಾರು ಎಷ್ಟು ವರ್ಷ ಬಾಳುತ್ತದೆ ಎಂಬುದೂ ಸೇರಿಲ್ಲ. ಅಂಕಿಯಾಗಿ ಹೇಳಲು ಬರುವ ಅನುಮಾನವನ್ನು ಅಂಕಿಯಲ್ಲಿ ಹೇಳಬೇಕು. ಅಂಕಿಗೆ ಸಿಗದ್ದನ್ನು ಹೆಸರಿಟ್ಟು ಹೇಳಬೇಕು. ಎರಡನ್ನೂ ಒಂದು ‘ಇರಬಹುದು’ ಒಳಗೆ ತುಂಬಿದರೆ ಓದುವವರಿಗೆ ಯಾವುದೂ ಸಿಗುವುದಿಲ್ಲ.

ಪದಗಳನ್ನು ಬಳಸಲೇಬಾರದು ಎಂದೇನಿಲ್ಲ. ಹವಾಮಾನ ಬದಲಾವಣೆ ಕುರಿತ ಐಪಿಸಿಸಿ ವರದಿಗಳಲ್ಲಿ ಇಂಥ ಪದಗಳಿಗೂ ಅಳತೆ ಗೊತ್ತುಮಾಡಿದ್ದಾರೆ. ಅಲ್ಲಿ ‘ಸಂಭವನೀಯ’ ಎಂದರೆ ಕನಿಷ್ಠ 66%, ‘ಬಹಳ ಸಂಭವನೀಯ’ ಎಂದರೆ ಕನಿಷ್ಠ 90%. ನನ್ನ ‘ಬಹುಶಃ’ಗೆ ಅಂಥ ಅಳತೆ ಯಾವುದೂ ಇರಲಿಲ್ಲ. ತಪ್ಪಾದರೆ ಜಾರಿಕೊಳ್ಳಲು ಇಟ್ಟುಕೊಂಡ ಹಿತ್ತಲ ಬಾಗಿಲು ಅದು.

ಹಾಗೆಂದು ಅನುಮಾನದ ಪದಗಳನ್ನೆಲ್ಲ ಕಿತ್ತು ‘ನಾರಿನಿಂದ ಬಲ ಹೆಚ್ಚುತ್ತದೆ’ ಎಂದರೆ ಅದು ಸುಳ್ಳು. ಕೊನೆಗೆ ನಿಂತ ವಾಕ್ಯ ಇದು: ‘ನಾರಿದ್ದ ಕ್ಯೂಬ್‌ಗಳ ಸರಾಸರಿ ಬಲ 2.1 ಮೆಗಾಪ್ಯಾಸ್ಕಲ್ ಹೆಚ್ಚಿತ್ತು (95% ವ್ಯಾಪ್ತಿ –1.8ರಿಂದ +6.0, ತಲಾ ಮೂರು ಕ್ಯೂಬ್). ಬಲ ಹೆಚ್ಚಿತೇ ಎಂಬುದನ್ನು ಈ ಪರೀಕ್ಷೆ ತೀರ್ಮಾನಿಸುವುದಿಲ್ಲ. ಪ್ರತಿ ಬಗೆಗೂ ಒಂದೇ ಸಲ ಕಲಸಿದ್ದರಿಂದ ಈ ವ್ಯತ್ಯಾಸ ನಾರಿನದೋ ಕಲಸಿನದೋ ಹೇಳಲಾಗದು. 28 ದಿನದ ಆಚೆ ಪರೀಕ್ಷಿಸಿಲ್ಲ.’

ಸಂಜೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. ‘ಮೂರೇ ಮೂರು ಕ್ಯೂಬ್ ಒಡೆದು ನೋಡಿದ್ದು ದೊಡ್ಡಪ್ಪ. ಗಟ್ಟಿಯಾಗುತ್ತೋ ಇಲ್ವೋ ಅದರಿಂದ ಗೊತ್ತಾಗಲ್ಲ. ವರ್ಷಾನುಗಟ್ಟಲೆ ಏನಾಗುತ್ತೆ ಅಂತ ನೋಡೇ ಇಲ್ಲ. ಮೋಲ್ಡಿಗೆ ಹಾಕಬೇಡಿ.’

ಅವರು ಒಂದು ಕ್ಷಣ ಸುಮ್ಮನಿದ್ದು, ‘ಇದನ್ನೇ ಹಬ್ಬದಲ್ಲಿ ಹೇಳೋಕೇನಾಗಿತ್ತೋ?’ ಎಂದರು.