ಸೀಸದ ಹಲಗೆ ತೋರಿಸಿದ ದಿಕ್ಕು

1932ರ ಆಗಸ್ಟ್ 2ರಂದು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಕಾರ್ಲ್ ಆಂಡರ್ಸನ್ ಒಂದು ಫೋಟೊ ತೆಗೆದರು. ಅದರ ನಡುವೆ ಅಡ್ಡಲಾಗಿ ಒಂದು ದಪ್ಪ ಪಟ್ಟಿ, ಅದನ್ನು ದಾಟಿಹೋದ ತೆಳ್ಳನೆಯ ಬಾಗಿದ ಗೆರೆ, ಇಷ್ಟೇ ಇದೆ. ಪಟ್ಟಿ ಎಂದರೆ 6 ಮಿಲಿಮೀಟರ್ ದಪ್ಪದ ಸೀಸದ ಹಲಗೆ. ಗೆರೆ ವಿಶ್ವಕಿರಣಗಳ ಒಂದು ಕಣ ಬಿಟ್ಟುಹೋದ ಜಾಡು.

ಜಾಡು ಮೂಡಿದ್ದು ಕ್ಲೌಡ್ ಚೇಂಬರಿನಲ್ಲಿ. ಈ ಪೆಟ್ಟಿಗೆಯೊಳಗಿನ ತೇವದ ಅನಿಲವನ್ನು ತಟ್ಟನೆ ಹಿಗ್ಗಿಸಿದರೆ ಅದು ತಣಿದು, ಆವಿ ಹನಿಯಾಗಲು ಕಾದಿರುತ್ತದೆ. ವಿದ್ಯುದಾವೇಶವಿರುವ ಕಣವೊಂದು ಹಾದುಹೋದರೆ ದಾರಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತದೆ. ಹಾಗೆ ಉಳಿದ ಅಯಾನುಗಳ ಸುತ್ತ ಹನಿಗಟ್ಟಿ ಬಿಳಿಗೆರೆ ಕಾಣುತ್ತದೆ. ಕಣ ನಮಗೆ ಕಾಣುವುದಿಲ್ಲ. ಅದರ ದಾರಿ ಕಾಣುತ್ತದೆ.

ಆಂಡರ್ಸನ್ ಪೆಟ್ಟಿಗೆಯನ್ನು ಬಲವಾದ ವಿದ್ಯುತ್ಕಾಂತದ ನಡುವೆ ಇಟ್ಟಿದ್ದರು. ಕಾಂತಕ್ಷೇತ್ರವು ಚಲಿಸುವ ಆವೇಶವನ್ನು ಪಕ್ಕಕ್ಕೆ ತಳ್ಳುತ್ತದೆ. ಅದರ ವೇಗವನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ. ಹಾಗಾಗಿ ದಾರಿ ವೃತ್ತದ ತುಂಡಾಗುತ್ತದೆ. ಕಣದ ಸಂವೇಗ ಹೆಚ್ಚಿದ್ದಷ್ಟೂ ವೃತ್ತ ದೊಡ್ಡದು, ಬಾಗು ಕಡಿಮೆ.

ತ್ರಿಜ್ಯವನ್ನು ಅಳೆಯುವುದು ಶಾಲೆಯ ರೇಖಾಗಣಿತವೇ. ಜಾಡಿನ ಮೇಲೆ 5 ಸೆಂಟಿಮೀಟರ್ ದೂರದ ಎರಡು ಬಿಂದುಗಳನ್ನು ನೇರಗೆರೆಯಿಂದ ಸೇರಿಸಿ, ನಡುವೆ ಜಾಡು ಆ ಗೆರೆಯಿಂದ ಎಷ್ಟು ಸರಿದಿದೆ ಎಂದು ನೋಡಬೇಕು. ಅದು 2.2 ಮಿಲಿಮೀಟರ್ ಇದ್ದರೆ ತ್ರಿಜ್ಯ ಸುಮಾರು 14 ಸೆಂಟಿಮೀಟರ್. ಮುಂದಿನದು ಗುಣಾಕಾರ: ಕಾಂತಕ್ಷೇತ್ರವನ್ನು ಗಾಸ್‌ನಲ್ಲಿ, ತ್ರಿಜ್ಯವನ್ನು ಸೆಂಟಿಮೀಟರಿನಲ್ಲಿ ಇಟ್ಟು 300ರಿಂದ ಗುಣಿಸಬೇಕು. ಎಲೆಕ್ಟ್ರಾನಿನಷ್ಟು ಹಗುರವಾದ, ಬೆಳಕಿನ ಸಮೀಪದ ವೇಗದ ಕಣಕ್ಕೆ ಬಂದ ಉತ್ತರವೇ ಹೆಚ್ಚುಕಡಿಮೆ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಅದರ ಶಕ್ತಿ. ಆ ದಿನದ ಕ್ಷೇತ್ರ 15,000 ಗಾಸ್. ಹಲಗೆಯ ಕೆಳಗಿನ ಜಾಡಿನ ತ್ರಿಜ್ಯ 14 ಸೆಂಟಿಮೀಟರ್, ಅಂದರೆ 6.3 ಕೋಟಿ. ಮೇಲಿನದು 5 ಸೆಂಟಿಮೀಟರ್, ಅಂದರೆ ಸುಮಾರು 2.3 ಕೋಟಿ.

ತೊಡಕಿರುವುದು ಆವೇಶದ ಚಿಹ್ನೆಯಲ್ಲಿ. ಕೆಳಗಿಳಿಯುವ ಋಣ ಕಣವೂ ಮೇಲೇರುವ ಧನ ಕಣವೂ ಒಂದೇ ಕಡೆಗೆ ಬಾಗಿದ ಗೆರೆಯನ್ನೇ ಬಿಡುತ್ತವೆ. ಕಣ ಯಾವ ತುದಿಯಿಂದ ಹೊರಟಿತೆಂದು ಫೋಟೊ ಹೇಳುವುದಿಲ್ಲ. ಹಿಂದಿನ ಫೋಟೊಗಳಲ್ಲಿ ವಿಚಿತ್ರ ಕಡೆಗೆ ಬಾಗಿದ ಜಾಡುಗಳು ಕಂಡಾಗ, ಅವು ಪ್ರೋಟಾನುಗಳೇ ಎಂಬುದು ಆಂಡರ್ಸನ್‌ರ ಗುರು ಮಿಲ್ಲಿಕನ್‌ರ ನಿಲುವು. ಮೇಲಕ್ಕೆ ಹೋಗುತ್ತಿರುವ ಎಲೆಕ್ಟ್ರಾನುಗಳಿರಬಹುದೇ ಎಂಬುದು ಆಂಡರ್ಸನ್‌ರ ಅನುಮಾನ. ಈ ವಾದವನ್ನು ತೀರಿಸಲೆಂದೇ ಸೀಸದ ಹಲಗೆ ಬಂತು. ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಚೆಂದವಾಗಿ ಕಾಣುವುದು ಈ ಹೆಜ್ಜೆಯೇ. ಸೀಸವನ್ನು ದಾಟುವ ಕಣ ಶಕ್ತಿ ಕಳೆದುಕೊಳ್ಳುತ್ತದೆ, ಗಳಿಸುವುದಿಲ್ಲ. ಆದ್ದರಿಂದ ಹೆಚ್ಚು ಬಾಗಿದ ತುಂಡೇ ಆಮೇಲಿನದು. ಮೇಲಿನ ತುಂಡು ಹೆಚ್ಚು ಬಾಗಿದೆ. ಕಣ ಕೆಳಗಿನಿಂದ ಮೇಲಕ್ಕೆ ಹೋಗಿದೆ. ಕ್ಷೇತ್ರ ಫೋಟೊದ ಒಳಮುಖವಾಗಿದೆ, ಜಾಡು ಎಡಕ್ಕೆ ತಿರುಗಿದೆ. ಈ ಮೂರೂ ಸೇರಿದರೆ ಆವೇಶ ಧನವೇ ಆಗಬೇಕು.

ಹಾಗಾದರೆ ಪ್ರೋಟಾನ್ ಯಾಕಲ್ಲ? ಹಲಗೆಯ ಮೇಲಿನಷ್ಟು ಬಾಗುವ ಪ್ರೋಟಾನಿನ ಶಕ್ತಿ ಬರೀ 3 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅಂಥ ನಿಧಾನದ, ಭಾರದ ಕಣ ದಟ್ಟವಾಗಿ ಹನಿಗಟ್ಟಿಸುತ್ತ ಗಾಳಿಯಲ್ಲಿ ಸುಮಾರು 5 ಮಿಲಿಮೀಟರಿಗೆ ನಿಂತುಬಿಡುತ್ತದೆ. ಇಲ್ಲಿನ ಜಾಡು 5 ಸೆಂಟಿಮೀಟರಿಗೂ ಉದ್ದವಾಗಿದೆ, ಎಲೆಕ್ಟ್ರಾನಿನದರಂತೆ ತೆಳ್ಳಗಿದೆ. ಬಾಗು ಸಂವೇಗವನ್ನು ಕೊಟ್ಟಿತು. ಕಣ ಹಗುರವಾದದ್ದು ಎಂಬುದು ಗೊತ್ತಾದದ್ದು ಜಾಡಿನ ಉದ್ದ ಮತ್ತು ದಟ್ಟಣೆಯಿಂದ. ಎಲೆಕ್ಟ್ರಾನಿನಂಥದೇ, ಆದರೆ ಧನ ಆವೇಶದ ಈ ಕಣಕ್ಕೆ ಪಾಸಿಟ್ರಾನ್ ಎಂದು ಹೆಸರಾಯಿತು.

ಎಲ್ಲ ಬಾಗನ್ನೂ ನಂಬುವಂತಿಲ್ಲ. ಇದೇ ಕ್ಷೇತ್ರದಲ್ಲಿ 100 ಕೋಟಿ ಎಲೆಕ್ಟ್ರಾನ್ ವೋಲ್ಟಿನ ಕಣದ ತ್ರಿಜ್ಯ 2 ಮೀಟರಿಗೂ ಹೆಚ್ಚು. 5 ಸೆಂಟಿಮೀಟರಿನಲ್ಲಿ ಅದು ಸರಿಯುವುದು ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು. ಪೆಟ್ಟಿಗೆಯ ಅನಿಲ ಕೊಂಚ ಸುಳಿದರೂ ಹನಿಗಳು ಅಷ್ಟು ಜರುಗಿಬಿಡುತ್ತವೆ. ಪರೀಕ್ಷಿಸುವ ದಾರಿ ಸರಳ: ವಿದ್ಯುತ್ಕಾಂತವನ್ನು ಆರಿಸಿ ಫೋಟೊ ತೆಗೆಯುವುದು. ಆಗಲೂ ವೇಗದ ಕಣಗಳ ಜಾಡು ಬಾಗಿ ಕಂಡರೆ ಆ ಬಾಗು ಕಾಂತದ್ದಲ್ಲ. ಅಷ್ಟಕ್ಕಿಂತ ಕಡಿಮೆ ಬಾಗಿದ ಜಾಡಿನಿಂದ ಸಂವೇಗವನ್ನಾಗಲಿ ಚಿಹ್ನೆಯನ್ನಾಗಲಿ ಓದಬಾರದು.

ಒಂದೇ ಫೋಟೊವನ್ನು ನೆಚ್ಚುವುದೂ ಕಷ್ಟ. ಎರಡು ಬೇರೆ ಕಣಗಳು ಹಲಗೆಯ ಒಂದೇ ಜಾಗದಲ್ಲಿ ಆಕಸ್ಮಿಕವಾಗಿ ಕೂಡಿರಬಹುದೇ ಎಂದು ಆಂಡರ್ಸನ್ ತಾವೇ ಪರಿಶೀಲಿಸಿ, ಅದು ತೀರ ಅಸಂಭವ ಎಂದು ಬಿಟ್ಟರು. 1933ರಲ್ಲಿ ಕೇಂಬ್ರಿಜ್‌ನ ಬ್ಲ್ಯಾಕೆಟ್ ಮತ್ತು ಒಕ್ಕಿಯಾಲಿನಿ ಅವರ ಫೋಟೊಗಳು ಬಂದವು. ಅವುಗಳಲ್ಲಿ ಒಂದೇ ತಾಣದಿಂದ ಹಲವು ತೆಳು ಜಾಡುಗಳು ಸಿಡಿದು, ಕೆಲವು ಎಡಕ್ಕೆ, ಕೆಲವು ಬಲಕ್ಕೆ ಬಾಗಿದ್ದವು. ಹುಟ್ಟಿದ ಜಾಗ ಒಂದೇ ಎಂದಾಗ ಅವು ಹೋದ ದಿಕ್ಕೂ ಗೊತ್ತಾಯಿತು. ಎರಡೂ ಚಿಹ್ನೆಯ ಹಗುರ ಕಣಗಳು ಅಲ್ಲಿ ಒಟ್ಟಿಗೇ ಇದ್ದವು.