ಚಿರೋಟಿ ಮೆತ್ತಗಾಗೋದು ಯಾಕೆ? ಪದರ, ಎಣ್ಣೆ ಮತ್ತು ಸಕ್ಕರೆ ಪುಡಿಯ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಇವತ್ತಿನ ಸಂಚಿಕೆ ಒಂದು ಸ್ಟೀಲ್ ಡಬ್ಬಿಯಿಂದ ಶುರುವಾಗುತ್ತೆ.

ಹೋದ ವರ್ಷ ಅಕ್ಕನ ಮಗುವಿನ ನಾಮಕರಣ. ಮನೆಯಲ್ಲೇ 24 ಚಿರೋಟಿ ಮಾಡೋಣ ಅಂತ ನಾನೇ ಹೇಳಿ, ಹಿಂದಿನ ಸಂಜೆ ಕರಿಯೋಕೆ ಕೂತೆ. ಪದರ ಚೆನ್ನಾಗಿ ಬಿಟ್ಟಿತ್ತು, ಬಣ್ಣ ಚೆನ್ನಾಗಿತ್ತು. ಬಿಸಿ ಇದ್ದಾಗಲೇ ಸಕ್ಕರೆ ಪುಡಿ ಉದುರಿಸಿ, ಡಬ್ಬಿಗೆ ಜೋಡಿಸಿ, ಮುಚ್ಚಳ ಹಾಕಿ ಮಲಗಿದೆ. ಬೆಳಗ್ಗೆ ತೆಗೆದು ನೋಡಿದ್ರೆ ಮುಚ್ಚಳದ ಒಳಗಡೆ ನೀರಿನ ಹನಿ. ಚಿರೋಟಿ ಮುರಿದ್ರೆ ಶಬ್ದವೇ ಇಲ್ಲ, ನಿನ್ನೆಯ ಚಪಾತಿ ಥರ ಬಾಗ್ತಾ ಇದೆ. ಸಕ್ಕರೆ ಒಂದು ಕಡೆ ಹಳದಿ ಕಲೆ, ಇನ್ನೊಂದು ಕಡೆ ಗಂಟು. ನೆಂಟರು ಬರೋಕೆ ಇನ್ನು ಮೂರು ಗಂಟೆ.

ಅಜ್ಜಿ ಬಂದು ಡಬ್ಬಿ ನೋಡಿ ಬೈಯಲಿಲ್ಲ. "ಚಿರೋಟಿಗೆ ಶತ್ರು ಅಂದ್ರೆ ನೀರು ಕಣೋ. ಹೊರಗೆ ಕಳಿಸೋದನ್ನೂ ಕಲೀಬೇಕು, ಮತ್ತೆ ಒಳಗೆ ಬಿಡದೇ ಇರೋದನ್ನೂ ಕಲೀಬೇಕು" ಅಂದ್ರು ಅಷ್ಟೇ. ಆಮೇಲೆ ನಾನು ಕಲಿತದ್ದೆಲ್ಲ ಈ ಒಂದು ಮಾತಿನ ವಿವರಣೆಯೇ.

ಅಕ್ಕಿ ಹಿಟ್ಟಿನ ಪೇಸ್ಟ್ ಏನು ಮಾಡುತ್ತೆ?

ಮೊದಲು ಕಣಕ. 12 ಚಿರೋಟಿಗೆ ನನ್ನ ಅಳತೆ: 100 ಗ್ರಾಂ ಚಿರೋಟಿ ರವೆ, 100 ಗ್ರಾಂ ಮೈದಾ, ಎರಡು ದೊಡ್ಡ ಚಮಚ ಬಿಸಿ ತುಪ್ಪ, ಒಂದು ಚಿಟಿಕೆ ಉಪ್ಪು. ನೀರು ಸುಮಾರು 90ರಿಂದ 100 ಎಂ.ಎಲ್., ಅದೂ ಸ್ವಲ್ಪ ಸ್ವಲ್ಪವಾಗಿ. ಪೂರಿ ಹಿಟ್ಟಿನಷ್ಟು ಗಟ್ಟಿ ಇರಲಿ. ರವೆ ನೀರನ್ನ ನಿಧಾನಕ್ಕೆ ಕುಡಿಯುತ್ತೆ, ಹಾಗಾಗಿ ಒದ್ದೆ ಬಟ್ಟೆ ಮುಚ್ಚಿ ಮುಕ್ಕಾಲು ಗಂಟೆ ಬಿಡಬೇಕು. ಬಿಡದೇ ಲಟ್ಟಿಸಿದ್ರೆ ಹಾಳೆ ತೆಳ್ಳಗಾಗಲ್ಲ, ಅಂಚು ಒಡೆಯುತ್ತೆ.

ಈಗ ಪೇಸ್ಟ್. ಮೂರು ದೊಡ್ಡ ಚಮಚ ತುಪ್ಪ, ಮೂರು ದೊಡ್ಡ ಚಮಚ ನುಣುಪಾದ ಅಕ್ಕಿ ಹಿಟ್ಟು. ಮಹಾರಾಷ್ಟ್ರದ ಕಡೆ ಇದನ್ನ ಸಾಟಾ ಅಂತಾರೆ. ಹಾಳೆಗೆ ಬರೀ ತುಪ್ಪ ಸವರಿದ್ರೆ ಸಾಲದಾ ಅಂತ ನಾನೂ ಕೇಳಿದ್ದೆ. ಸಾಲದು. ಸುರುಳಿ ಸುತ್ತುವಾಗ, ಲಟ್ಟಿಸುವಾಗ ಕೈಯ ಬಿಸಿಗೆ ತುಪ್ಪ ಕರಗಿ ಪಕ್ಕಕ್ಕೆ ಜಾರುತ್ತೆ. ಜಾರಿದ ಕಡೆ ಎರಡು ಹಾಳೆ ಒಂದಕ್ಕೊಂದು ಅಂಟಿ ಒಂದೇ ದಪ್ಪ ಹಾಳೆ ಆಗುತ್ತೆ. ಅಕ್ಕಿ ಹಿಟ್ಟು ತುಪ್ಪವನ್ನ ಹಿಡಿದು ಅಲ್ಲೇ ನಿಲ್ಲಿಸುತ್ತೆ. ಮೈದಾದಲ್ಲಿ ಇರುವ ಅಂಟು ಅಕ್ಕಿಯಲ್ಲಿ ಇಲ್ಲ, ಅದಕ್ಕೇ ಅದು ಪದರಗಳನ್ನ ಬೆಸೆಯೋ ಬದಲು ಬೇರೆ ಬೇರೆಯಾಗಿ ಇಡುತ್ತೆ.

ಇಲ್ಲಿ ಜನ ಮಾಡೋ ತಪ್ಪು, ತುಪ್ಪವನ್ನ ಕರಗಿಸಿ ಹಾಕೋದು. ಪೇಸ್ಟ್ ನೀರಾಗುತ್ತೆ. ಹೆಪ್ಪುಗಟ್ಟಿದ ತುಪ್ಪವನ್ನೇ ತಟ್ಟೆಗೆ ಹಾಕಿ, ಅಂಗೈಯಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ, ಹಗುರ ಆಗೋ ತನಕ ತಿಕ್ಕಬೇಕು. ಆಮೇಲೆ ಅಕ್ಕಿ ಹಿಟ್ಟು ಸೇರಿಸಿ ಮತ್ತೆ ತಿಕ್ಕಬೇಕು. ಸಾಕಾಯ್ತಾ ಅಂತ ತಿಳಿಯೋಕೆ ಒಂದು ಲೋಟ ನೀರಿಗೆ ಒಂದು ಹನಿ ಪೇಸ್ಟ್ ಬಿಡಿ. ಮುಳುಗಿದ್ರೆ ಇನ್ನೂ ತಿಕ್ಕಬೇಕು, ತೇಲಿದ್ರೆ ಆಯ್ತು. ಹಿಟ್ಟು ಸೇರಿದ ತುಪ್ಪ ನೀರಿಗಿಂತ ಭಾರ. ಒಳಗೆ ಗಾಳಿ ಸೇರಿಕೊಂಡಾಗ ಮಾತ್ರ ತೇಲುತ್ತೆ.

ಸುತ್ತೋದು, ಕತ್ತರಿಸೋದು

ಕಣಕವನ್ನ ಆರು ಉಂಡೆ ಮಾಡಿ, ಒಂದೊಂದನ್ನೂ ಏಳು ಇಂಚಿನಷ್ಟು ಅಗಲಕ್ಕೆ ತೆಳ್ಳಗೆ ಲಟ್ಟಿಸಿ. ಒಂದು ಹಾಳೆ ಇಟ್ಟು ಎರಡು ಟೀ ಚಮಚ ಪೇಸ್ಟನ್ನ ಅಂಚಿನ ತನಕ ಸಮನಾಗಿ ಸವರಿ. ಅದರ ಮೇಲೆ ಇನ್ನೊಂದು ಹಾಳೆ, ಮತ್ತೆ ಪೇಸ್ಟ್, ಮೂರನೇ ಹಾಳೆ, ಮತ್ತೆ ಪೇಸ್ಟ್. ಈಗ ಚಾಪೆ ಸುತ್ತೋ ಹಾಗೆ ಬಿಗಿಯಾಗಿ ಸುತ್ತಿ. ಸಡಿಲ ಬಿಟ್ರೆ ಎಣ್ಣೆಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತೆ. ಕೊನೆಯ ಅಂಚಿಗೆ ಮಾತ್ರ ಒಂದು ಬೆರಳು ನೀರು ಸವರಿ ಅಂಟಿಸಿ. ಆರು ಹಾಳೆಗೆ ಎರಡು ಸುರುಳಿ, ಒಂದೊಂದು ಸುರುಳಿಗೆ ಆರು ತುಂಡು.

ತುಂಡನ್ನ ಕತ್ತರಿಸಿದ ಮುಖ ಮೇಲೆ ಬರೋ ಹಾಗೆ ಇಟ್ಟು ಅಂಗೈಯಲ್ಲಿ ಮೆಲ್ಲಗೆ ಒತ್ತಿ, ನಡುವಿನಿಂದ ಹೊರಕ್ಕೆ ಹಗುರವಾಗಿ ಲಟ್ಟಿಸಿ. ಮೂರು ಮೂರೂವರೆ ಇಂಚು ಬಂದ್ರೆ ಸಾಕು. ಲಟ್ಟಣಿಗೆಗೆ ಭಾರ ಹಾಕಿದ್ರೆ ಇಷ್ಟು ಹೊತ್ತು ಬೇರೆ ಇಟ್ಟ ಪದರಗಳನ್ನ ನಾವೇ ಅಂಟಿಸಿದ ಹಾಗೆ. ಕಚ್ಚಾ ಚಿರೋಟಿಯ ಮೇಲೆ ಸುರುಳಿಯ ಗೆರೆಗಳು ಕಣ್ಣಿಗೆ ಕಾಣ್ತಿರಬೇಕು. ಗೆರೆ ಅಳಿಸಿದ್ದರೆ ಆ ಜಾಗ ಎಣ್ಣೆಯಲ್ಲೂ ಬಿಡಲ್ಲ.

ಬಣ್ಣ ಅಲ್ಲ, ಗುಳ್ಳೆ ನೋಡಿ

ಎಣ್ಣೆಗೆ ಬಿದ್ದ ಕೂಡಲೇ ಕಣಕದೊಳಗಿನ ನೀರು ಆವಿಯಾಗಿ ಹಾಳೆಗಳನ್ನ ಒಂದರಿಂದೊಂದು ದೂಡುತ್ತೆ. ಪದರ ಬಿಡೋದು ಹೀಗೆ. ಆದ್ರೆ ಪದರ ಬಿಟ್ಟ ಮಾತ್ರಕ್ಕೆ ನೀರೆಲ್ಲ ಹೋಯ್ತು ಅಂತ ಅಲ್ಲ. ಉರಿ ಜಾಸ್ತಿ ಇದ್ರೆ ಹೊರಗಿನ ಪದರ ಎರಡೇ ನಿಮಿಷಕ್ಕೆ ಕೆಂಪಾಗುತ್ತೆ, ನಡುವಿನ ಸುರುಳಿಯಲ್ಲಿ ನೀರು ಉಳಿಯುತ್ತೆ. ತಟ್ಟೆಗೆ ತೆಗೆದಾಗ ಗರಿಗರಿ ಅನ್ನಿಸುತ್ತೆ. ಒಂದೆರಡು ಗಂಟೆಯಲ್ಲಿ ಆ ನೀರು ನಡುವಿನಿಂದ ಹೊರಗಿನ ಪದರಕ್ಕೆ ಹರಡುತ್ತೆ, ಅಲ್ಲಿಗೆ ಕಥೆ ಮುಗೀತು. ನಾಮಕರಣದ ಚಿರೋಟಿಗೆ ಆಗಿದ್ದ ಮೊದಲನೇ ರೋಗ ಇದೇ.

ಹಾಗಾಗಿ ಉರಿ ಸಣ್ಣದಕ್ಕೂ ಮಧ್ಯಮಕ್ಕೂ ನಡುವೆ ಇರಲಿ. ಥರ್ಮಾಮೀಟರ್ ಇದ್ರೆ ಎಣ್ಣೆ 150ರಿಂದ 160 ಡಿಗ್ರಿ. ಇಲ್ಲದಿದ್ರೆ ಒಂದು ಚೂರು ಕಣಕ ಹಾಕಿ. ತಳಕ್ಕೆ ಹೋಗಿ, ಐದಾರು ಸೆಕೆಂಡ್ ಬಿಟ್ಟು ಸಣ್ಣ ಗುಳ್ಳೆಗಳ ಜೊತೆ ನಿಧಾನಕ್ಕೆ ಮೇಲೆ ಬಂದ್ರೆ ಸರಿ. ತಕ್ಷಣ ಚಿಮ್ಮಿ ಬಂದ್ರೆ ಎಣ್ಣೆ ಜಾಸ್ತಿ ಕಾದಿದೆ. ತಳದಲ್ಲೇ ಕೂತ್ರೆ ಸಾಲದು, ಅದು ಎಣ್ಣೆ ಕುಡಿಯುತ್ತೆ.

ಬಾಣಲೆಗೆ ಒಂದು ಸಲಕ್ಕೆ ಎರಡೋ ಮೂರೋ ಸಾಕು. ಪದರದ ಮೇಲೆ ಜಾಲರಿಯಿಂದ ಬಿಸಿ ಎಣ್ಣೆ ಚಿಮುಕಿಸ್ತಾ ಇದ್ರೆ ಚೆನ್ನಾಗಿ ಅರಳುತ್ತೆ. ನಾಲ್ಕೈದು ನಿಮಿಷ ಬೇಕು. ತೆಗೆಯೋ ಸಮಯ ಹೇಳೋದು ಗುಳ್ಳೆ. ಗುಳ್ಳೆ ಅಂದ್ರೆ ಒಳಗಿಂದ ಹೊರಡ್ತಿರೋ ನೀರಿನ ಆವಿ. ಅದು ಜೋರಾಗಿ ಬರ್ತಿದ್ರೆ ಇನ್ನೂ ನೀರಿದೆ, ಕಾಯಬೇಕು. ಸುತ್ತಲೂ ಹೆಚ್ಚು ಕಡಿಮೆ ನಿಂತು ಚಿರೋಟಿ ಹಗುರವಾಗಿ ತೇಲಿದಾಗ, ಹತ್ತು ಸೆಕೆಂಡ್ ಉರಿ ಸ್ವಲ್ಪ ಏರಿಸಿ ತೆಗೆಯಿರಿ. ಎಣ್ಣೆ ಬೇಗ ಇಳಿದು ಹೋಗುತ್ತೆ.

ತೆಗೆದ ಮೇಲೆ ಒಂದರ ಮೇಲೊಂದು ಮಲಗಿಸಬೇಡಿ. ಕೆಳಗಿನದರ ಆವಿ ಮೇಲಿನದಕ್ಕೆ ಹೋಗುತ್ತೆ. ತೂತಿನ ಪಾತ್ರೆಯಲ್ಲಿ ಪೇಪರ್ ಹಾಸಿ, ಗೋಡೆಗೆ ಒರಗಿಸಿದ ತಟ್ಟೆಯ ಥರ ನಿಲ್ಲಿಸಿ. ಪದರದ ನಡುವಿನ ಎಣ್ಣೆಯೂ ಇಳಿಯುತ್ತೆ, ಆವಿಯೂ ಹೋಗುತ್ತೆ.

ಸಕ್ಕರೆ ಯಾವಾಗ?

ನಾನು ಬಿ.ಕಾಂ. ಓದಿದವನು, ಲೆಕ್ಕ ಬರೀದೆ ಸಮಾಧಾನ ಇಲ್ಲ. ನಾಮಕರಣ ಆದ ಮುಂದಿನ ವಾರ 12 ಚಿರೋಟಿ ಮಾಡಿ ನಾಲ್ಕು ನಾಲ್ಕರಂತೆ ಮೂರು ಗುಂಪು ಮಾಡಿದೆ. ಮೊದಲ ನಾಲ್ಕಕ್ಕೆ ಎಣ್ಣೆಯಿಂದ ತೆಗೆದ ಕೂಡಲೇ ಸಕ್ಕರೆ. ಎರಡನೇ ನಾಲ್ಕಕ್ಕೆ ಹತ್ತು ಹನ್ನೆರಡು ನಿಮಿಷ ಬಿಟ್ಟು, ಬೆರಳಿನ ಹಿಂಭಾಗ ತಾಗಿಸಿದ್ರೆ ಉಗುರು ಬೆಚ್ಚಗೆ ಅನ್ನಿಸಿದಾಗ. ಮೂರನೇ ನಾಲ್ಕನ್ನ ಪೂರ್ತಿ ಆರಿಸಿ, ಸಕ್ಕರೆ ಇಲ್ಲದೇ ಡಬ್ಬಿಗೆ ಹಾಕಿ, ಮಾರನೇ ದಿನ ತಿನ್ನೋ ಹೊತ್ತಿಗೆ ಸಕ್ಕರೆ.

ಮೊದಲ ಗುಂಪಿನಲ್ಲಿ ಹಳೇ ಕಥೆಯೇ. ಮೇಲಿದ್ದ ಎಣ್ಣೆ ಮತ್ತೆ ಏಳ್ತಿದ್ದ ಆವಿ ಎರಡನ್ನೂ ಸಕ್ಕರೆ ಹೀರಿಕೊಂಡು ಹಳದಿ ಕಲೆ ಆಯ್ತು, ಕೆಳಗಿನ ಪದರ ಮೆತ್ತಗಾಯ್ತು. ಎರಡನೇ ಗುಂಪು ನೋಡೋಕೆ ಚೆಂದ. ಸಕ್ಕರೆ ತೆಳ್ಳಗೆ, ಸಮನಾಗಿ ಕೂತಿತ್ತು. ಆದ್ರೆ ಮಾರನೇ ದಿನ ಡಬ್ಬಿಯಲ್ಲಿ ಸ್ವಲ್ಪ ಗರಿ ಕಡಿಮೆ ಆಗಿತ್ತು. ಮೂರನೇ ಗುಂಪಿನದು ಮುರಿದಾಗ ಶಬ್ದ ಬಂತು. ಸಕ್ಕರೆ ಅಲ್ಪ ಸ್ವಲ್ಪ ಜಾರಿದ್ದು ನಿಜ, ಆದರೆ ಪದರದ ಸಂದುಗಳು ಬೇಕಾದಷ್ಟನ್ನ ಹಿಡಿದುಕೊಂಡಿದ್ದವು.

ಅಂದ್ರೆ ಉತ್ತರ, ನೀವು ಯಾವಾಗ ತಿಂತೀರಿ ಅನ್ನೋದರ ಮೇಲಿದೆ. ಅದೇ ದಿನ ಖಾಲಿ ಆಗೋದಾದ್ರೆ ಉಗುರು ಬೆಚ್ಚಗಿದ್ದಾಗ ಹಾಕಿ. ನಾಳೆಗೆ ಇಡೋದಾದ್ರೆ ಸಕ್ಕರೆ ಹಾಕದೇ ಒಂದೂವರೆ ಗಂಟೆ ಆರಿಸಿ ಡಬ್ಬಿಗೆ ಹಾಕಿ. ಬೆಂಗಳೂರು ಕಡೆ ಮದುವೆ ಊಟದಲ್ಲಿ ಎಲೆಗೆ ಚಿರೋಟಿ ಬಡಿಸಿ, ಆಮೇಲೆ ಸಕ್ಕರೆ ಪುಡಿ, ಆಮೇಲೆ ಬಾದಾಮಿ ಹಾಲು ಅಂತ ಬೇರೆ ಬೇರೆ ತರ್ತಾರಲ್ಲ, ಅದರಲ್ಲೂ ಇದೇ ಜಾಣತನ ಇದೆ.

ಸಮನಾಗಿ ಬೀಳೋಕೆ ಎರಡು ವಿಷಯ. ಒಂದು, ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಬಿಸಿಯಾಗಿರುತ್ತೆ, ಮುಚ್ಚಿಟ್ರೆ ಬೇಗ ಗಂಟು ಕಟ್ಟುತ್ತೆ. ತಟ್ಟೆಯಲ್ಲಿ ಹರಡಿ ಆರಿಸಿ, 100 ಗ್ರಾಂಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್, ಬೇಕಿದ್ರೆ ಏಲಕ್ಕಿ ಪುಡಿ ಸೇರಿಸಿ ಜರಡಿ ಹಿಡಿಯಿರಿ. ಎರಡು, ಕೈಯಲ್ಲಿ ಉದುರಿಸಬೇಡಿ. ಒಂದು ಚಿರೋಟಿಗೆ ಎರಡು ಟೀ ಚಮಚ ಪುಡಿಯನ್ನ ಟೀ ಸೋಸೋ ಜರಡಿಗೆ ಹಾಕಿ, ಒಂದು ಗೇಣು ಎತ್ತರದಿಂದ ಅಂಚನ್ನ ಬೆರಳಲ್ಲಿ ತಟ್ಟಿ. ಜರಡಿಯನ್ನ ಹತ್ತಿರ ಹಿಡಿದ್ರೆ ಗುಪ್ಪೆ ಬೀಳುತ್ತೆ. ನಡುವೆ ಚಿರೋಟಿಯನ್ನ ಒಮ್ಮೆ ತಿರುಗಿಸಿದ್ರೆ ನಿಂತ ಪದರಗಳ ಎರಡೂ ಬದಿಗೆ ಸಕ್ಕರೆ ಸಿಗುತ್ತೆ.

ಕೆಟ್ಟರೆ ಸರಿ ಮಾಡಬಹುದಾ? ಸಕ್ಕರೆ ಹಾಕಿಲ್ಲ ಅಂದ್ರೆ ಆಗುತ್ತೆ. ಸಣ್ಣ ಉರಿಯಲ್ಲಿ ಇನ್ನೊಮ್ಮೆ ಗುಳ್ಳೆ ನಿಲ್ಲೋ ತನಕ ಕರಿದು, ನಿಲ್ಲಿಸಿ ಆರಿಸಿ. ಸಕ್ಕರೆ ಹಾಕಿಬಿಟ್ಟಿದ್ರೆ ದಾರಿ ಇಲ್ಲ. ಎಣ್ಣೆಯಲ್ಲಿ ಸಕ್ಕರೆ ಕಪ್ಪಾಗಿ ಕಹಿಯಾಗುತ್ತೆ. ಸಕ್ಕರೆಯನ್ನ ಕೊನೆಗೆ ಇಡೋದಕ್ಕೆ ಇದೂ ಒಂದು ಕಾರಣ.

ನಾಮಕರಣದ ದಿನ ಏನು ಮಾಡಿದ್ವಿ ಅಂತ ಕೇಳ್ತೀರಾ? ಆ 24ನ್ನೂ ಪುಡಿ ಮಾಡಿ ಬಿಸಿ ಬಾದಾಮಿ ಹಾಲಿಗೆ ಹಾಕಿ ಬಟ್ಟಲಲ್ಲಿ ಕೊಟ್ಟರು ಅಜ್ಜಿ. ಹೇಗೂ ನೆನೆಯಲೇಬೇಕಾದ್ದು, ಯಾರಿಗೂ ಗೊತ್ತಾಗಲಿಲ್ಲ. ಈಗ ನಿಮಗೆ ಗೊತ್ತಾಯ್ತು. ಅಕ್ಕನಿಗೆ ಹೇಳಬೇಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.