ಹೆಸರು ತೆಗೆದರೂ ನಗು ಉಳಿಯುತ್ತದೆಯೇ?



ರಾಜ್ಯೋತ್ಸವಕ್ಕೆ ಒಂದು ವಾರ ಇರುವಾಗ ನಮ್ಮ ಜಮಾಅತಿನ ಒಬ್ಬ ಹುಡುಗ ಇಶಾ ನಮಾಝ್ ಮುಗಿದ ಮೇಲೆ ಒಂದು ಚೀಟಿ ಹಿಡಿದುಕೊಂಡು ಬಂದ. ಇಟ್ಟಮಡುವಿನ ಅವನ ಅಪಾರ್ಟ್‌ಮೆಂಟಿನಲ್ಲಿ ಸಂಜೆಯ ಕಾರ್ಯಕ್ರಮದ ನಿರೂಪಣೆ ಅವನದು. ಚೀಟಿಯಲ್ಲಿ ಮೂರು ಜೋಕುಗಳಿದ್ದವು. "ನೋಡಿ ಹಜ್ರತ್, ಇದರಲ್ಲಿ ತಪ್ಪೇನಾದರೂ ಇದೆಯಾ?" ಎಂದ. ಅಂದು ಅವನೊಂದಿಗೆ ಕುಳಿತು ನೋಡಿದ್ದನ್ನೇ ನಾವು ಆ ವಾರದ ಜುಮಾದಲ್ಲಿ ಹೇಳಿದೆವು.

ಮೊದಲು ಒಂದು ಮಾತು. ನಗಿಸುವುದು ದೀನಿಗೆ ವಿರುದ್ಧವಲ್ಲ. ಒಬ್ಬರು ಪ್ರವಾದಿಯವರ(ಸ) ಬಳಿ ಬಂದು ಸವಾರಿಗೆ ಒಂಟೆ ಕೇಳಿದರು. ಒಂಟೆಯ ಮರಿಯೊಂದನ್ನು ಕೊಡುತ್ತೇನೆ ಎಂದರು ಪ್ರವಾದಿ(ಸ). ಮರಿ ಕಟ್ಟಿಕೊಂಡು ನಾನೇನು ಮಾಡಲಿ ಎಂದು ಆತ ಕಂಗಾಲಾದರು. ದೊಡ್ಡ ಒಂಟೆಯೂ ಒಂದು ಒಂಟೆಯ ಮರಿಯೇ ಅಲ್ಲವೇ ಎಂಬುದು ಪ್ರವಾದಿಯವರ(ಸ) ಉತ್ತರ. ತಿರ್ಮಿದಿ ಮತ್ತು ಅಬೂದಾವೂದ್‌ನಲ್ಲಿ ಈ ಹದೀಸ್ ಇದೆ. ಇಲ್ಲಿ ಸುಳ್ಳಿಲ್ಲ, ಯಾರಿಗೂ ಅವಮಾನವಿಲ್ಲ. ಆಟ ನಡೆದದ್ದು 'ಮರಿ' ಎಂಬ ಪದದ ಮೇಲೆ. ನಮ್ಮ ದುಂಡಿರಾಜರ ಹನಿಗವನಗಳು ನಗಿಸುವುದೂ ಹೆಚ್ಚಾಗಿ ಹೀಗೆಯೇ, ಪದವನ್ನು ತಿರುಗಿಸಿ.

ಇನ್ನು ಎಲ್ಲೆ ಎಲ್ಲಿದೆ? ಒಂದು ಜನ ಇನ್ನೊಂದು ಜನವನ್ನು ಅಪಹಾಸ್ಯ ಮಾಡಬಾರದು, ಅಡ್ಡಹೆಸರಿಟ್ಟು ಕರೆಯಬಾರದು ಎಂದು ಸೂರಃ ಅಲ್ ಹುಜುರಾತ್‌ನ 11ನೇ ವಚನ ತಡೆಯುತ್ತದೆ. ಇತರರು ಆರಾಧಿಸುವುದನ್ನು ಹೀಯಾಳಿಸಬಾರದು ಎಂದು ಸೂರಃ ಅಲ್ ಅನ್‌ಆಮ್‌ನ 108ನೇ ವಚನ ಹೇಳುತ್ತದೆ, ಕಾರಣವನ್ನೂ ಕೊಡುತ್ತದೆ: ಅದಕ್ಕೆ ಪ್ರತಿಯಾಗಿ ಅವರು ತಿಳಿಯದೆ ಅಲ್ಲಾಹನನ್ನೇ ಹೀಯಾಳಿಸಿಯಾರು.

ಈಗ ಚೀಟಿಗೆ ಬರೋಣ. ನಾವು ಹುಡುಗನಿಗೆ ಹೇಳಿದ ಪರೀಕ್ಷೆ ಒಂದೇ. ಜೋಕಿನಿಂದ ಧರ್ಮ, ಜಾತಿ, ದೇವರ ಹೆಸರನ್ನು ತೆಗೆದು ಓದು. ಆಮೇಲೂ ನಗು ಬಂದರೆ ಅದು ಜೋಕು. ಬರದಿದ್ದರೆ ಅಲ್ಲಿ ನಗೆಗೆ ಗುರಿಯಾಗಿದ್ದದ್ದು ಯಾರದೋ ನಂಬಿಕೆ.

ಮೊದಲನೆಯದು ನೀರಿನ ಕುರಿತು: ಟ್ಯಾಂಕರ್ ಬಾರದೆ ಗಣಪತಿಗೂ ಮುಳುಗಲು ನೀರಿರಲಿಲ್ಲ ಎಂದು ಬರೆದಿದ್ದ. ಅವನು ನಗಬೇಕೆಂದಿದ್ದದ್ದು ಟ್ಯಾಂಕರಿನ ಮೇಲೆ, ಆದರೆ ಆಸರೆಗೆ ಹಿಡಿದದ್ದು ಪಕ್ಕದ ಮನೆಯವರ ದೇವರನ್ನು. ಗಣಪತಿಯನ್ನು ಬಿಟ್ಟು ನೋಡು ಎಂದೆವು. ಅವನೇ ತಿದ್ದಿದ: "2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಕನ್ನಡ ಕಲಿತರು. ಮೊದಲ ಪಾಠ, 'ನೀರು ಬಂತಾ?' ಎರಡನೇ ಪಾಠ, 'ಯಾವಾಗ ಬರುತ್ತೆ?'" ರಾಜ್ಯೋತ್ಸವಕ್ಕೆ ಇದೇ ಹೆಚ್ಚು ಹೊಂದಿತು.

ಎರಡನೆಯದು, ಸಸ್ಯಾಹಾರಿ ನೆರೆಯವರು ಕದ್ದು ಕಬಾಬ್ ತಿನ್ನುವ ಜೋಕು. ಅವರ ಆಚಾರವನ್ನು ತೆಗೆದರೆ ಕಬಾಬ್ ತಿನ್ನುವ ಒಬ್ಬ ಮನುಷ್ಯ ಉಳಿಯುತ್ತಾನೆ, ನಗಲು ಏನೂ ಇಲ್ಲ. ಇದನ್ನು ತಿದ್ದಲು ಬರುವುದಿಲ್ಲ, ಹೊಡೆದುಹಾಕಬೇಕು.

ಮೂರನೆಯದು ನಮ್ಮದೇ: ರೋಜಾ ಇದ್ದವನು ಬಾಗಿಲ ಹಿಂದೆ ನೀರು ಕುಡಿಯುವುದು. "ನಮ್ಮ ಮೇಲೆ ನಾವೇ ನಕ್ಕರೆ ತಪ್ಪೇನು ಹಜ್ರತ್?" ಎಂದ. ಹೆಚ್ಚಿನ ಮನೆಗಳು ಎಡವುವುದು ಇಲ್ಲಿಯೇ. ನಮ್ಮ ಮರೆವು, ನಮ್ಮ ಹೊಟ್ಟೆಬಾಕತನದ ಮೇಲೆ ನಗಬಹುದು. ರೋಜಾ ಮಾತ್ರ ನಮ್ಮ ಸ್ವಂತ ಸೊತ್ತಲ್ಲ, ಅದು ಇಬಾದತ್. ಮೈಕಿನಲ್ಲಿ ಇಂದು ನೀನು ಹೇಳಿದ್ದನ್ನು ನಾಳೆ ಕಾಲೇಜಿನಲ್ಲಿ ರೋಜಾ ಇರುವ ನಿನ್ನ ತಂಗಿಗೆ ಯಾರಾದರೂ ಹೇಳಿದರೆ ನೀನು ಯಾವ ಬಾಯಲ್ಲಿ ಬೇಡ ಎನ್ನುತ್ತೀಯ? ಸ್ವಲ್ಪ ಯೋಚಿಸಿ ಅವನು ಹೀಗೆ ಬದಲಿಸಿದ: "ಮೇಲಿನ ಮನೆ ಅಂಕಲ್‌ಗೆ ರೋಜಾ ಇಲ್ಲ, ಆದರೆ ಇಫ್ತಾರ್ ಸಮಯ ನಮಗಿಂತ ಮೊದಲು ಅವರಿಗೇ ಗೊತ್ತು. ಸಮೋಸಾ ವಾಸನೆ ಮೇಲಕ್ಕೆ ತಾನೇ ಹೋಗೋದು!" ಇಲ್ಲಿ ನಗು ಸಮೋಸಾದ ಮೇಲಿನ ಆಸೆಗೆ. ಆದರೂ ಅಂಕಲ್ ಅವರನ್ನು ಮೊದಲೇ ಕೇಳು ಎಂದೆವು. ಕೇಳಿದ. ಅವರು ನಕ್ಕು, "ಹೇಳಪ್ಪಾ, ಆದರೆ ಈ ಸಲ ಎರಡು ಜಾಸ್ತಿ ಕಳಿಸು" ಎಂದರಂತೆ.

ಪರೀಕ್ಷೆಗೆ ಸಿಗದ ಒಂದು ಬಗೆಯಿದೆ: ಅಣಕ. ಅರ್ಚಕರ ಮಂತ್ರದ ಧಾಟಿ, ಅಝಾನಿನ ಧ್ವನಿ, 'ಸಾಬರ ಕನ್ನಡ'. ಅಲ್ಲಿ ಯಾವ ಹೆಸರೂ ಇರುವುದಿಲ್ಲ, ಆದರೆ ಸಭೆಯಲ್ಲಿ ಯಾರು ತಲೆ ತಗ್ಗಿಸಿದರು ಎಂದು ನೋಡಿದರೆ ಗುರಿ ಯಾರೆಂದು ತಿಳಿಯುತ್ತದೆ.

ಬಾಯಿ ತಪ್ಪಿದರೆ? 'ತಮಾಷೆಗೆ ಹೇಳಿದ್ದು' ಎಂಬ ಸಮಜಾಯಿಷಿ ಬೇಡ, ವಾಟ್ಸಾಪ್ ಗುಂಪಿನಲ್ಲಿ ಉದ್ದ ಬರಹವೂ ಬೇಡ. ಅಂದು ರಾತ್ರಿಯೇ ಅವರ ಮನೆ ಬಾಗಿಲಿಗೆ ಹೋಗಿ ಕ್ಷಮೆ ಕೇಳಬೇಕು. ಬೇರೆಯವರು ನಮ್ಮ ಮೇಲೆ ಅಂಥ ಜೋಕು ಹೇಳಿದರೆ ವೇದಿಕೆಯಲ್ಲೇ ಜಗಳಕ್ಕಿಳಿಯದೆ, ಮರುದಿನ ಅವರೊಬ್ಬರೇ ಸಿಕ್ಕಾಗ ನಮಗೆ ನೋವಾಯಿತೆಂದು ನೇರವಾಗಿ ಹೇಳಬೇಕು.

ಆ ಸಂಜೆ ಹುಡುಗನ ಚೀಟಿಯಲ್ಲಿ ಉಳಿದದ್ದು ಎರಡು ಜೋಕು. ಎರಡಕ್ಕೂ ಇಡೀ ಅಂಗಳ ನಕ್ಕಿತು ಎಂದು ಅವನ ತಾಯಿ ಹೇಳಿ ಕಳುಹಿಸಿದರು.